ನೀರು ಬಾರದಿದ್ದಾಗ ಸೊಸೈಟಿಗೆ ಬರೆಯುವ ಪತ್ರ



"ಸೊಸೈಟಿಯವರಿಗೆ ಎಷ್ಟು ಸಲ ಹೇಳಿದ್ರೂ ನೀರಿನ ಪಾಡು ಅದೇ. ಅರ್ಜಿ ಹೆಂಗೆ ಬರೀಬೇಕು ಅಂತ ಪತ್ರಿಕೆಯಲ್ಲಿ ಒಮ್ಮೆ ಹಾಕಿ" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಸೊಸೈಟಿ ಎಂದ ಕೂಡಲೇ ರೇಷನ್ ಅಂಗಡಿಯೋ ಹಾಲಿನ ಡೇರಿಯೋ ನೆನಪಾಗಬಹುದು. ಇಲ್ಲಿ ಹೇಳುತ್ತಿರುವುದು ಗೃಹ ನಿರ್ಮಾಣ ಸಹಕಾರ ಸಂಘದ ವಿಚಾರ. ಜಾಗ ಕೊಂಡು, ನಿವೇಶನ ಮಾಡಿ ಹಂಚಿದ ಸಂಘವೇ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕ್, ಪೈಪ್‌ಲೈನ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಬಡಾವಣೆಯನ್ನು ನಗರಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರ ಮಾಡುವವರೆಗೂ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೇಳಬೇಕಾದದ್ದು ಸಂಘದವರನ್ನೇ. ಆದ್ದರಿಂದ ಮೊದಲು ನಿಮ್ಮ ನಿರ್ವಹಣಾ ಶುಲ್ಕದ ರಸೀದಿ ತೆಗೆದು, ಮೇಲೆ ಯಾರ ಹೆಸರಿದೆ ಎಂದು ನೋಡಿ. ನೀರಿನ ಕಂದಾಯ ಪಾಲಿಕೆಗೆ ಹೋಗುತ್ತಿದ್ದರೆ ಸೊಸೈಟಿಗೆ ಬರೆದು ಪ್ರಯೋಜನವಿಲ್ಲ.

ಮೈಸೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ನಡೆದದ್ದನ್ನು ಹೇಳಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ನಾಲ್ಕು ಅಡ್ಡರಸ್ತೆಗಳು. ಕೊನೆಯ ಅಡ್ಡರಸ್ತೆಯಲ್ಲಿ 22 ಮನೆಗಳಿದ್ದು, ನಮ್ಮ ಒಂದು ಸಂಘದ ಹೆಚ್ಚಿನ ಸದಸ್ಯೆಯರು ಅಲ್ಲಿಯವರೇ. ದಿನ ಬಿಟ್ಟು ದಿನ ಬೆಳಿಗ್ಗೆ 6ರಿಂದ 7.30ರವರೆಗೆ ನೀರು ಬಿಡುವುದು ಅಲ್ಲಿನ ಕ್ರಮ. 2025ರ ಬೇಸಿಗೆ ಶುರುವಾಗುತ್ತಿದ್ದಂತೆ ಈ ಕ್ರಮ ತಪ್ಪಿತು. ನಮ್ಮವರು ಸಿಟ್ಟಿನಲ್ಲಿ ಕುಳಿತು ಒಂದು ಅರ್ಜಿ ಬರೆದರು. "ತಿಂಗಳುಗಟ್ಟಲೆ ನಮ್ಮ ಬೀದಿಗೆ ನೀರೇ ಬಂದಿಲ್ಲ. ಮುಂದಿನ ರಸ್ತೆಯ ದೊಡ್ಡವರಿಗೆ ಮಾತ್ರ ನೀರು. ನೀರುಗಂಟಿ ಬೇಕೆಂದೇ ಹೀಗೆ ಮಾಡುತ್ತಿದ್ದಾನೆ. ತಕ್ಷಣ ಕ್ರಮ ಕೈಗೊಳ್ಳಿ" ಎಂಬುದು ಅದರ ಸಾರ. ತಾರೀಖು ಇರಲಿಲ್ಲ, ನಕಲೂ ಇರಲಿಲ್ಲ.

ಕಾರ್ಯದರ್ಶಿಯವರು ಓದಿ ಕೇಳಿದ್ದು ಒಂದೇ ಮಾತು: "ತಿಂಗಳುಗಟ್ಟಲೆ ನೀರಿಲ್ಲ ಅಂದ್ರೆ ಇಷ್ಟು ದಿನ ಹೆಂಗಮ್ಮಾ ಅಡುಗೆ ಮಾಡಿದ್ರಿ? ಮೊನ್ನೆ ಬಂದಿರಲಿಲ್ವಾ?" ಮೊನ್ನೆ ಬಂದಿದ್ದು ನಿಜವೇ. ನಮ್ಮವರ ಬಾಯಿ ಕಟ್ಟಿತು. ಉಳಿದ ಅರ್ಧ ಗಂಟೆ ನೀರುಗಂಟಿ ಒಳ್ಳೆಯವನೋ ಕೆಟ್ಟವನೋ ಎಂಬ ವಾದದಲ್ಲೇ ಕಳೆಯಿತು. ನೀರಿನ ಮಾತು ಬರಲೇ ಇಲ್ಲ.

ಇಲ್ಲಿ ನಮ್ಮವರ ಕಷ್ಟ ಸುಳ್ಳಲ್ಲ, ಬರೆದ ವಾಕ್ಯ ಮಾತ್ರ ಸುಳ್ಳಾಯಿತು. "ತಿಂಗಳುಗಟ್ಟಲೆ", "ಯಾವಾಗಲೂ", "ಒಂದು ಹನಿಯೂ ಇಲ್ಲ" ಎಂಬ ಮಾತುಗಳು ಬಾಯಲ್ಲಿ ಬಂದರೆ ಯಾರೂ ಲೆಕ್ಕ ಕೇಳುವುದಿಲ್ಲ. ಕಾಗದದ ಮೇಲೆ ಬಂದರೆ ಎದುರಿನವರು ಹಿಡಿಯುವುದೇ ಆ ಮಾತನ್ನು.

ಮೊದಲು ನೋಟ್‌ಬುಕ್, ಆಮೇಲೆ ಪತ್ರ

ಸಂಘದಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ತಾರೀಖು ಹಾಕಿ ಬರೆಯುವುದು ನಿಮಗೆ ಹೊಸದಲ್ಲ. ನೀರಿಗೂ ಅದನ್ನೇ ಮಾಡಿ ಎಂದೆವು. ಏಪ್ರಿಲ್ 1ರಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟರು. ಕೊನೆಯ ಮನೆಯ ಅಕ್ಕ ಬರೆಯುವುದು, ರಸ್ತೆಯ ಆರಂಭದ ಮನೆಯವರು ಅದೇ ದಿನ ನೋಡಿ ಸಹಿ ಹಾಕುವುದು ಎಂದು ಮಾತಾಯಿತು. ತಾರೀಖು, ನೀರು ಬಂದ ಸಮಯ, ನಿಂತ ಸಮಯ, ಮುಂದಿನ ರಸ್ತೆಗೆ ಬಂತೇ, ಕೇಳಿದಾಗ ಯಾರು ಏನು ಹೇಳಿದರು ಎಂಬ ಐದು ಕಲಮು ಸಾಕಾದವು. ಅಂದಂದೇ ಬರೆಯಬೇಕು. ವಾರದ ಕೊನೆಯಲ್ಲಿ ನೆನಪು ಮಾಡಿಕೊಂಡು ಬರೆದರೆ ಒಂದೇ ಶಾಯಿಯಲ್ಲಿ ಒಂದೇ ಕೈಯ ಬರಹ ನೋಡಿದ ಕೂಡಲೇ ಗೊತ್ತಾಗುತ್ತದೆ.

"ನೀರು ಸಣ್ಣಗೆ ಬಂತು" ಎಂದು ಬರೆದರೆ ಎಷ್ಟು ಸಣ್ಣಗೆ? ಇದಕ್ಕೆ ಮೀಟರ್ ಬೇಕಿಲ್ಲ. ಎಲ್ಲರ ಮನೆಯಲ್ಲೂ ಇರುವ 15 ಲೀಟರಿನ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿದರೆ ಆಯಿತು. ಆ ರಸ್ತೆಯ ಕೊನೆಯ ಮನೆಯಲ್ಲಿ ನೀರು ಸರಿಯಾಗಿ ಬಂದ ದಿನ ಬಕೆಟ್ ತುಂಬಲು ಒಂದು ನಿಮಿಷ. ಕಡಿಮೆ ಬಂದ ದಿನ ಐದು ನಿಮಿಷ, ಅದೂ ಇಪ್ಪತ್ತೈದು ನಿಮಿಷಕ್ಕೇ ನೀರು ನಿಂತುಬಿಟ್ಟಿತು. ಅಂದರೆ ಸಿಕ್ಕಿದ್ದು ಐದು ಬಕೆಟ್, 75 ಲೀಟರ್. ಸರಿಯಾದ ದಿನ ಒಂದೂವರೆ ಗಂಟೆಗೆ 90 ಬಕೆಟ್, ಅಂದರೆ 1,350 ಲೀಟರ್ ಸಿಗಬೇಕಿತ್ತು. ನೆಲದ ಸಂಪಿಗೆ ಹೋಗುವ ಪೈಪ್‌ಲೈನಿನಲ್ಲೇ ಅಳೆಯಿರಿ. ಮಹಡಿಯ ಟ್ಯಾಂಕಿನ ನಲ್ಲಿಯಲ್ಲಿ ಅಳೆದರೆ ಅದು ನಿಮ್ಮ ಟ್ಯಾಂಕಿನ ಒತ್ತಡವೇ ಹೊರತು ಸೊಸೈಟಿ ನೀರಿನದಲ್ಲ. ಒಂದು ಮನೆಗೆ ಮಾತ್ರ ನೀರು ಬಾರದಿದ್ದರೆ ಮೊದಲು ಸಂಪಿನ ತೇಲು ವಾಲ್ವ್ ಕಚ್ಚಿಕೊಂಡಿದೆಯೇ ನೋಡಿ. ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟು ಅರ್ಜಿ ಕೊಟ್ಟರೆ ಮುಂದಿನ ಅರ್ಜಿಗೂ ಬೆಲೆ ಇರುವುದಿಲ್ಲ.

ಏಪ್ರಿಲ್‌ನಲ್ಲಿ ನೀರು ಬಿಡಬೇಕಾದ ಸರದಿ ಒಟ್ಟು 15. ತಿಂಗಳ ಕೊನೆಗೆ ಎಣಿಸಿದಾಗ ಐದು ಸಲ ಸರಿಯಾಗಿ, ನಾಲ್ಕು ಸಲ ಅರ್ಧ ಗಂಟೆಗಿಂತ ಕಡಿಮೆ, ಆರು ಸಲ ಏನೂ ಇಲ್ಲ. "ತಿಂಗಳುಗಟ್ಟಲೆ ಇಲ್ಲ" ಎಂಬುದಕ್ಕಿಂತ ಇದು ಚಿಕ್ಕ ದೂರಿನಂತೆ ಕಾಣುತ್ತದೆ. ಆದರೆ ಇದನ್ನು ಯಾರೂ ಅಲ್ಲಗಳೆಯಲಾರರು.

ಅದಕ್ಕಿಂತ ಮುಖ್ಯವಾದದ್ದು ನಾಲ್ಕನೇ ಕಲಮಿನಲ್ಲಿ ಸಿಕ್ಕಿತು. ನೀರು ಬಾರದ ಆರು ದಿನಗಳಲ್ಲಿ 5 ಮತ್ತು 7ನೇ ತಾರೀಖು ಇಡೀ ಬಡಾವಣೆಗೇ ನೀರಿರಲಿಲ್ಲ. 11, 17, 19 ಮತ್ತು 25ರಂದು ಮೂರನೇ ಅಡ್ಡರಸ್ತೆಗೆ ನೀರು ಬಂದಿತ್ತು, ನಾಲ್ಕನೆಯದಕ್ಕೆ ಮಾತ್ರ ಇಲ್ಲ. ಎಲ್ಲ ರಸ್ತೆಗೂ ಒಂದೇ ದಿನ ನೀರಿಲ್ಲದಿದ್ದರೆ ತೊಂದರೆ ಮೋಟಾರ್, ಕರೆಂಟು ಅಥವಾ ಬೋರ್‌ವೆಲ್‌ನಲ್ಲಿ. ಪಕ್ಕದ ರಸ್ತೆಗೆ ಬಂದು ನಮಗೆ ಬಾರದಿದ್ದರೆ ಟ್ಯಾಂಕಿನಲ್ಲಿ ನೀರಿತ್ತು ಎಂದೇ ಅರ್ಥ; ತೊಂದರೆ ನಮ್ಮ ರಸ್ತೆಯ ವಾಲ್ವ್‌ನಲ್ಲೋ ಲೈನಿನಲ್ಲೋ ಇರಬೇಕು. ರಸ್ತೆಯ ಮೊದಲ ಮನೆಗಳಿಗೆ ಚೆನ್ನಾಗಿ ಬಂದು ಕೊನೆಯ ಮನೆಗಳಿಗೆ ಸಣ್ಣಗಾದರೆ ಲೈನ್ ಸೋರುತ್ತಿರಬಹುದು, ಅಥವಾ ಯಾರೋ ಲೈನಿಗೇ ಮೋಟಾರ್ ಹಾಕಿ ಎಳೆಯುತ್ತಿರಬಹುದು. ಈ ಕೊನೆಯ ವಿಚಾರ ಅಕ್ಕಪಕ್ಕದವರದೇ ಆದ್ದರಿಂದ ಪತ್ರದಲ್ಲಿ ಹೆಸರು ಹಾಕಬೇಡಿ, ಪರಿಶೀಲಿಸಿ ಎಂದಷ್ಟೇ ಕೇಳಿ.

ಅಲ್ಲಿಯವರೆಗೆ ಕೇಳಿದಾಗಲೆಲ್ಲ "ಬೋರ್‌ವೆಲ್‌ನಲ್ಲಿ ನೀರು ಕಮ್ಮಿ" ಎಂಬ ಉತ್ತರ ಬರುತ್ತಿತ್ತು. ಬೇಸಿಗೆಯಲ್ಲಿ ಯಾರು ಬೇಕಾದರೂ ನಂಬುವ ಉತ್ತರ ಅದು. ಆ ನಾಲ್ಕು ದಿನಗಳ ಮಟ್ಟಿಗೆ ಅದು ಸರಿಹೊಂದುವುದಿಲ್ಲ ಎಂದು ನೋಟ್‌ಬುಕ್ ತೋರಿಸಿತು.

ಪತ್ರ ಹೀಗಿತ್ತು

ಮೇ 3ರಂದು ಎಲ್ಲರೂ ಕೂತು ಬರೆದ ಪತ್ರವನ್ನು, ಹೆಸರು ವಿಳಾಸ ಬಿಟ್ಟು, ಇಲ್ಲಿ ಕೊಡುತ್ತಿದ್ದೇವೆ. ನಿಮ್ಮ ಊರಿಗೆ ತಕ್ಕಂತೆ ತಾರೀಖು, ಅಂಕಿ ಬದಲಿಸಿಕೊಳ್ಳಿ. ಇದನ್ನೇ ಹಾಗೇ ನಕಲು ಮಾಡಬೇಡಿ.

ಇಂದ,
4ನೇ ಅಡ್ಡರಸ್ತೆಯ ನಿವಾಸಿಗಳು (ಸಹಿ, ಮನೆ ಸಂಖ್ಯೆ ಕೆಳಗಿದೆ)

ದಿನಾಂಕ: 03-05-2025

ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಗೃಹ ನಿರ್ಮಾಣ ಸಹಕಾರ ಸಂಘ ನಿಯಮಿತ, ಇವರಿಗೆ

ಮಾನ್ಯರೇ,

ವಿಷಯ: 4ನೇ ಅಡ್ಡರಸ್ತೆಗೆ ಏಪ್ರಿಲ್ 2025ರಲ್ಲಿ ನೀರು ಸರಬರಾಜು ಪದೇ ಪದೇ ತಪ್ಪಿರುವ ಬಗ್ಗೆ.

ನಮ್ಮ ರಸ್ತೆಗೆ ದಿನ ಬಿಟ್ಟು ದಿನ ಬೆಳಿಗ್ಗೆ 6.00ರಿಂದ 7.30ರವರೆಗೆ ನೀರು ಬಿಡುವ ಕ್ರಮವಿದೆ. ಏಪ್ರಿಲ್ 1ರಿಂದ 29ರವರೆಗಿನ 15 ಸರದಿಗಳಲ್ಲಿ 5, 7, 11, 17, 19 ಮತ್ತು 25ರಂದು ನೀರು ಬರಲಿಲ್ಲ. 3, 13, 21 ಮತ್ತು 27ರಂದು ಅರ್ಧ ಗಂಟೆಗಿಂತ ಕಡಿಮೆ ಸಮಯ ಬಂತು. ಉಳಿದ ಐದು ದಿನ ಸರಿಯಾಗಿ ಬಂದಿದೆ.

5 ಮತ್ತು 7ರಂದು ಮೋಟಾರ್ ದುರಸ್ತಿಯಲ್ಲಿದೆ ಎಂದು ನೀರುಗಂಟಿಯವರು ತಿಳಿಸಿದರು. 11, 17, 19 ಮತ್ತು 25ರಂದು 3ನೇ ಅಡ್ಡರಸ್ತೆಗೆ ನೀರು ಬಂದಿದ್ದು, ನಮ್ಮ ರಸ್ತೆಗೆ ಬಾರದಿದ್ದುದಕ್ಕೆ ಕಾರಣ ನಮಗೆ ತಿಳಿದಿಲ್ಲ.

19 ಮತ್ತು 25ರಂದು 22 ಮನೆಯವರು ಸೇರಿ ತಲಾ ಒಂದು ಟ್ಯಾಂಕರ್ ನೀರನ್ನು ರೂ. 1,100ರಂತೆ ಒಟ್ಟು ರೂ. 2,200 ಕೊಟ್ಟು ತರಿಸಿದ್ದೇವೆ. ಏಪ್ರಿಲ್ ತಿಂಗಳವರೆಗಿನ ನಿರ್ವಹಣಾ ಶುಲ್ಕವನ್ನು ಎಲ್ಲರೂ ಪಾವತಿಸಿದ್ದೇವೆ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು: 4ನೇ ಅಡ್ಡರಸ್ತೆಯ ವಾಲ್ವ್ ಮತ್ತು ಲೈನನ್ನು ನಮ್ಮ ಇಬ್ಬರು ಪ್ರತಿನಿಧಿಗಳ ಸಮ್ಮುಖದಲ್ಲಿ ಪರಿಶೀಲಿಸಬೇಕು. ಇಡೀ ಬಡಾವಣೆಗೆ ನೀರು ನಿಲ್ಲುವ ದಿನ ಹಿಂದಿನ ಸಂಜೆಯೇ ಸೂಚನಾ ಫಲಕದಲ್ಲಿ ತಿಳಿಸಬೇಕು. ಸತತ ಎರಡು ಸರದಿ ತಪ್ಪಿದರೆ ಸಂಘದಿಂದ ಟ್ಯಾಂಕರ್ ಕಳಿಸಬೇಕು. ಕೈಗೊಂಡ ಕ್ರಮವನ್ನು 20-05-2025ರೊಳಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು
(14 ಸದಸ್ಯರ ಸಹಿ, ಸದಸ್ಯತ್ವ ಸಂಖ್ಯೆ, 8 ಬಾಡಿಗೆ ನಿವಾಸಿಗಳ ಸಹಿ)

ಲಗತ್ತು: ಏಪ್ರಿಲ್ ತಿಂಗಳ ನೀರಿನ ದಾಖಲೆಯ ಜೆರಾಕ್ಸ್, ಟ್ಯಾಂಕರ್ ರಸೀದಿ 2.

ಒಂದೇ ಹಾಳೆ. "ಉಳಿದ ಐದು ದಿನ ಸರಿಯಾಗಿ ಬಂದಿದೆ" ಎಂಬ ಸಾಲನ್ನು ಬರೆಯುವುದೇ ಬೇಡ ಎಂದು ಇಬ್ಬರು ಹಠ ಹಿಡಿದರು. ನಾವು ಬಿಡಲಿಲ್ಲ. ಮೊನ್ನೆ ಬಂದಿರಲಿಲ್ವಾ ಎಂಬ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ. ಕಾರಣ ಗೊತ್ತಿಲ್ಲದ ಕಡೆ "ತಿಳಿದಿಲ್ಲ" ಎಂದಿದ್ದೂ ಹಾಗೆಯೇ. ವಾಲ್ವ್ ಕೆಟ್ಟಿದೆ ಎಂದು ನಾವೇ ತೀರ್ಮಾನಿಸಿ ಬರೆದು, ಕೊನೆಗೆ ಲೈನ್ ಒಡೆದಿದ್ದರೆ "ನಿಮ್ಮ ದೂರು ತಪ್ಪು" ಎಂದು ಕಡತ ಮುಚ್ಚಬಹುದು. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಯಾರು ಹೇಳಿದರು ಎಂಬುದರೊಂದಿಗೆ ಬರೆದರೆ ಅದಕ್ಕೆ ಅವಕಾಶವಿಲ್ಲ.

ಶುಲ್ಕದ ಸಾಲೂ ಬೇಕೇ ಬೇಕು, ಏಕೆಂದರೆ ಸಾಮಾನ್ಯವಾಗಿ ಬರುವ ಮೊದಲ ಉತ್ತರ "ನಿಮ್ಮದೇ ಬಾಕಿ ಇದೆಯಲ್ಲ" ಎಂಬುದು. ಇಲ್ಲಿ ಮೂರು ಮನೆಯವರ ಬಾಕಿ ಇತ್ತು. ಅವರು ಕಟ್ಟಿ ರಸೀದಿ ತಂದ ಮೇಲೆಯೇ ಪತ್ರ ಕೊಟ್ಟದ್ದು. ಕಟ್ಟಲಾಗದಿದ್ದರೆ ಬಾಕಿ ಇದೆ ಎಂದೇ ಬರೆಯಿರಿ, ಸುಳ್ಳು ಮಾತ್ರ ಬೇಡ.

ಸದಸ್ಯರ ಸಹಿ, ಬಾಡಿಗೆಯವರ ಸಹಿ ಬೇರೆ ಬೇರೆ ಯಾಕೆ? ಸಹಕಾರ ಸಂಘವು ತನ್ನ ಸದಸ್ಯರಿಗೆ ಉತ್ತರ ಕೊಡಬೇಕಾದ ಸಂಸ್ಥೆ. ಬಾಡಿಗೆಗೆ ಇರುವವರೂ ನೀರಿಲ್ಲದೆ ಅಷ್ಟೇ ಒದ್ದಾಡುತ್ತಾರೆ, ಆದರೆ "ನೀವು ಸದಸ್ಯರಲ್ಲ" ಎಂಬ ಒಂದು ಮಾತಿಗೆ ಅವರ ಅರ್ಜಿ ಪಕ್ಕಕ್ಕೆ ಹೋಗಬಹುದು. ಆದ್ದರಿಂದ ಮನೆ ಮಾಲೀಕರಲ್ಲಿ ಕೆಲವರಾದರೂ ಸಹಿ ಹಾಕಲಿ. ನಮ್ಮ ಸ್ವಸಹಾಯ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆಯೋಣ ಎಂದವರೂ ಇದ್ದರು. ಅದು ಬೇಡವಾಯಿತು. ಸ್ವಸಹಾಯ ಸಂಘ ಆ ಸೊಸೈಟಿಯ ಸದಸ್ಯನಲ್ಲ. ಪತ್ರ ಕೊಟ್ಟ ವಿಚಾರವನ್ನು ನಮ್ಮ ನಡಾವಳಿಯಲ್ಲಿ ಬರೆದಿಟ್ಟರೆ ಸಾಕು.

ಸೀಲು ಬೀಳದ ಪತ್ರ

ಮೇ 5ರಂದು ಮೂವರು ಹೋದರು. ಎರಡು ಪ್ರತಿ. ಕಚೇರಿಯ ಗುಮಾಸ್ತರು ಒಂದು ಪ್ರತಿ ತೆಗೆದುಕೊಂಡು, "ಸಾರ್ ಬರಲಿ, ಆಮೇಲೆ ಸೀಲ್ ಹಾಕಿಸ್ತೀನಿ, ನೀವು ಹೊರಡಿ" ಎಂದರು. ಹೀಗೆ ಕೊಟ್ಟು ಬಂದ ಪತ್ರಗಳೇ ಕಳೆದುಹೋಗುವುದು. ನಮ್ಮವರು ಜಗಳ ಆಡಲಿಲ್ಲ. "ಆಗಲಿ ಅಣ್ಣ, ಅವರು ಬರೋವರೆಗೂ ಕಾಯ್ತೀವಿ" ಎಂದು ಬೆಂಚಿನ ಮೇಲೆ ಕೂತರು. ಹನ್ನೆರಡು ಗಂಟೆಗೆ ಕಾರ್ಯದರ್ಶಿ ಬಂದರು. ನಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು, ಆವಕ ಸಂಖ್ಯೆ ಎಲ್ಲ ಬಿತ್ತು. ಆವಕ ಸಂಖ್ಯೆ ಎಂದರೆ ಬಂದ ಪತ್ರಗಳ ವಹಿಯಲ್ಲಿ ನಿಮ್ಮ ಪತ್ರಕ್ಕೆ ಕೊಟ್ಟ ಕ್ರಮಾಂಕ. ಮುಂದಿನ ಪ್ರತಿಯೊಂದು ಪತ್ರದಲ್ಲೂ ಅದನ್ನು ಉಲ್ಲೇಖಿಸಬೇಕು.

ಸೀಲು ಹಾಕುವುದೇ ಇಲ್ಲ ಎಂದರೆ ಅಂಚೆಯಲ್ಲಿ ಕಳಿಸಿ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿಸಿ, ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೇಳಿ, ರಸೀದಿಯನ್ನು ಪತ್ರದ ನಕಲಿಗೆ ಪಿನ್ ಮಾಡಿಡಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೆನಪಿಸುವುದಕ್ಕೆ ಒಳ್ಳೆಯದು. ಆದರೆ ಅದಕ್ಕೆ ಆವಕ ಸಂಖ್ಯೆ ಬೀಳುವುದಿಲ್ಲ.

ಮೊದಲ ಪತ್ರದಲ್ಲೇ ಮೇಲಿನ ಅಧಿಕಾರಿಗಳಿಗೆ ನಕಲು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಸಂಘದವರಿಗೆ ಸರಿಮಾಡಲು ಒಂದು ಅವಕಾಶ ಕೊಟ್ಟದ್ದು ದಾಖಲೆಯಲ್ಲಿ ಕಾಣಬೇಕು. ಹೇಳಿದ ದಿನ ದಾಟಿದರೆ ಎರಡು ಸಾಲಿನ ಜ್ಞಾಪನ ಪತ್ರ, ಮೊದಲ ಪತ್ರದ ತಾರೀಖು ಮತ್ತು ಆವಕ ಸಂಖ್ಯೆಯೊಂದಿಗೆ. ಅದಕ್ಕೂ ಉತ್ತರವಿಲ್ಲದಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಎರಡೂ ಪತ್ರಗಳ ನಕಲಿನೊಂದಿಗೆ ದೂರು ಕೊಡಬಹುದು. ಸಂಘದ ಆಡಳಿತಕ್ಕೆ ಸಂಬಂಧಿಸಿದ ಸದಸ್ಯರ ವಿವಾದಗಳನ್ನು ನಿಬಂಧಕರ ಮುಂದೆ ತರಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮು ಅವಕಾಶ ಕೊಡುತ್ತದೆ. ಅಷ್ಟು ದೂರ ಹೋಗುವವರು ವಕೀಲರನ್ನೋ ಉಚಿತ ಕಾನೂನು ನೆರವು ಕೇಂದ್ರವನ್ನೋ ಕೇಳಿಕೊಂಡು ಹೋಗಿ. ಫ್ಲ್ಯಾಟುಗಳ ಮಾಲೀಕರ ಸಂಘವಾದರೆ ಅದು ಸಹಕಾರ ಸಂಘವೇ ಆಗಿರಬೇಕೆಂದಿಲ್ಲ. ಆಗ ಪತ್ರ ಇದೇ ರೀತಿ ಬರೆಯಿರಿ, ಮುಂದಿನ ದಾರಿಗೆ ಅವರ ಬೈಲಾ ನೋಡಬೇಕು.

ಇಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಮೇ 14ರಂದು ಪ್ಲಂಬರ್ ಬಂದು ರಸ್ತೆ ತಿರುವಿನ ವಾಲ್ವ್ ಗುಂಡಿ ತೆಗೆದ. ನಮ್ಮ ಇಬ್ಬರು ಅಕ್ಕಂದಿರು ಪಕ್ಕದಲ್ಲೇ ನಿಂತಿದ್ದರು. ಒಳಗಿನ ಕಡ್ಡಿ ತುಕ್ಕು ಹಿಡಿದು ಸವೆದಿತ್ತು. ಮೇಲಿನ ಹಿಡಿಯನ್ನು ಪೂರ್ತಿ ತಿರುಗಿಸಿದರೂ ಒಳಗಿನ ತಡೆ ಕೆಲವೊಮ್ಮೆ ಏಳುತ್ತಿತ್ತು, ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತಿತ್ತು, ಕೆಲವೊಮ್ಮೆ ಕದಲುತ್ತಲೇ ಇರಲಿಲ್ಲ. ನೀರುಗಂಟಿ ಪ್ರತಿ ಸಲವೂ ತಿರುಗಿಸಿದ್ದು ನಿಜ. ಮೊದಲ ಅರ್ಜಿಯಲ್ಲಿ ಅವನ ಮೇಲೆ ಹೊರಿಸಿದ್ದು ತಪ್ಪಾಗಿತ್ತು, ಅವನ ಹತ್ತಿರ ಹೋಗಿ ಹಾಗೆಂದು ಹೇಳಿಯೂ ಬಂದರು.

ಸಂಘದ ಉತ್ತರ ಮೇ 19ರ ತಾರೀಖಿನಲ್ಲಿ ಬಂತು. ವಾಲ್ವ್ ಬದಲಿಸಲಾಗಿದೆ, ಸೂಚನಾ ಫಲಕದಲ್ಲಿ ತಿಳಿಸಲಾಗುವುದು, ಆದರೆ ಟ್ಯಾಂಕರ್ ಕಳಿಸಲು ಹಣವಿಲ್ಲ ಎಂದಿತ್ತು. ಕೇಳಿದ ಮೂರರಲ್ಲಿ ಎರಡು ಸಿಕ್ಕಿತು. ಇಡೀ ಬಡಾವಣೆಗೆ ನೀರು ನಿಲ್ಲುವ ತೊಂದರೆ ಇನ್ನೂ ಇದೆ, ಅದು ಒಂದು ರಸ್ತೆಯವರ ಪತ್ರದಿಂದ ಮುಗಿಯುವಂಥದ್ದಲ್ಲ. ಟ್ಯಾಂಕರ್ ಖರ್ಚಿನ ವಿಷಯವನ್ನು ವಾರ್ಷಿಕ ಮಹಾಸಭೆಯಲ್ಲಿ ಕೇಳಬೇಕೆಂದು ಹದಿನಾಲ್ಕು ಸದಸ್ಯರೂ ತೀರ್ಮಾನ ಮಾಡಿದರು. ಸೊಸೈಟಿಯ ಉತ್ತರ, ಸೀಲು ಬಿದ್ದ ಪತ್ರ, ಟ್ಯಾಂಕರ್ ರಸೀದಿಗಳ ನಕಲು ಮೂರನ್ನೂ ಒಂದೇ ಫೈಲಿನಲ್ಲಿ ಹಾಕಿ ಕೊನೆಯ ಮನೆಯ ಅಕ್ಕನ ಬೀರುವಿನಲ್ಲಿ ಇಟ್ಟಿದ್ದಾರೆ. ನೋಟ್‌ಬುಕ್ ಮಾತ್ರ ಹೊರಗೆ, ನಲ್ಲಿ ಪಕ್ಕದ ಮೊಳೆಗೆ ನೇತಾಡುತ್ತಿದೆ. ಈಗಲೂ ದಿನ ಬಿಟ್ಟು ದಿನ ಬರೆಯುತ್ತಿದ್ದಾರೆ.